ಚಿತ್ರದಲ್ಲಿ O ಬಳಿಯ ಗುರುತು ಲಂಬಕೋನವೇ?

ಪ್ರಶ್ನೆ: ಮಗಳ ಲೆಕ್ಕದ ಚಿತ್ರದ ಫೋಟೊ ಹಾಕಿದ್ದೇನೆ. ಇದು ಪಿರಮಿಡ್ಡೋ, ತ್ರಿಭುಜ ಪಟ್ಟಕವೋ? O ಬಳಿ ಚಿಕ್ಕ ಚೌಕದ ಗುರುತಿದೆ, ಆದರೆ ಕೋನಮಾಪಕ ಇಟ್ಟರೆ 120° ಬರುತ್ತಿದೆ. ಯಾವುದನ್ನು ನಂಬಬೇಕು?

ಉತ್ತರ: ಗುರುತನ್ನೇ ನಂಬಿ. ಅದು 90° ಕೋನ, ಆಕೃತಿಯು ಚೌಕ ಪಾದದ ಪಿರಮಿಡ್.

ಪಿರಮಿಡ್ಡಿಗೂ ತ್ರಿಭುಜ ಪಟ್ಟಕಕ್ಕೂ ಐದೈದೇ ಮುಖಗಳಿರುವುದರಿಂದ ಮುಖಗಳನ್ನು ಎಣಿಸಿ ಪ್ರಯೋಜನವಿಲ್ಲ, ಶೃಂಗಗಳನ್ನು ಎಣಿಸಬೇಕು. ನಿಮ್ಮ ಚಿತ್ರದಲ್ಲಿ A, B, C, D, V ಎಂಬ ಐದು ಶೃಂಗಗಳಿವೆ, ಪಟ್ಟಕವಾಗಿದ್ದರೆ ಆರು ಇರುತ್ತಿದ್ದವು. O ಪಾದದ ಮಧ್ಯಬಿಂದು, M ಎಂಬುದು AB ಅಂಚಿನ ಮಧ್ಯಬಿಂದು, ಇವೆರಡೂ ಶೃಂಗಗಳಲ್ಲ. D ಯಲ್ಲಿ ಕೂಡುವ ಮೂರು ಅಂಚುಗಳು ತುಂಡುಗೆರೆಗಳಾಗಿರುವುದರಿಂದ D ನಮಗೆ ಕಾಣದ ಹಿಂಬದಿಯ ಮೂಲೆ.

ಇನ್ನು 120° ಬಂದ ಕಾರಣ. ಹಿಂದಕ್ಕೆ ಸಾಗುವ ಅಂಚುಗಳನ್ನು ಕಾಗದದ ಮೇಲೆ ಓರೆಯಾಗಿಯೇ ಬರೆಯಬೇಕಾಗುತ್ತದೆ. ನಿಮ್ಮ ಚಿತ್ರದಲ್ಲಿ ಆ ಓರೆ ಅಡ್ಡಗೆರೆಗೆ 30° ಇದೆ, OM ಅದಕ್ಕೆ ಸಮಾಂತರವಾಗಿ ನಮ್ಮ ಕಡೆಗೆ ಇಳಿಯುತ್ತದೆ, ಆದ್ದರಿಂದ ನೇರ ನಿಂತ VO ಜೊತೆ ಅದು 90 + 30 ಆಗಿ ಕಾಣುತ್ತದೆ. ತುಮಕೂರಿನಲ್ಲಿ ಸಂಜೆ ಪಾಠಕ್ಕೆ ಬರುವ ಮಕ್ಕಳಿಗೆ ನಾನು ಇದನ್ನು ತೆಂಗಿನಗರಿಯ ಕಡ್ಡಿಯಿಂದ ತೋರಿಸುತ್ತೇನೆ: ಚೌಕ ರಟ್ಟಿನ ನಡುವೆ ಜೇಡಿಮಣ್ಣಿನಲ್ಲಿ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ಅಂಚಿನ ನಡುವಿಗೆ ಗೆರೆ ಎಳೆದು ಓರೆಯಿಂದ ನೋಡಿದರೆ ಕೋನ ಅಗಲವಾಗಿ ಕಾಣುತ್ತದೆ, ಮೂಲೆಮಟ್ಟವನ್ನು ಇಟ್ಟರೆ ಮಾತ್ರ ಸರಿಯಾಗಿ ಕೂರುತ್ತದೆ. ಚೌಕದ ಗುರುತು ಓರೆಯಾಗಿ ಕಂಡರೂ ಅದರ ಅರ್ಥ 90° ಎಂದೇ.

ಲೆಕ್ಕದಿಂದಲೂ ಪರೀಕ್ಷಿಸಬಹುದು. AB = 10 ಸೆಂ.ಮೀ., VO = 12 ಸೆಂ.ಮೀ. ಎಂದು ಬರೆದಿದೆ, ಆದ್ದರಿಂದ OM = 5. △VOM ನಲ್ಲಿ O ಲಂಬಕೋನವಾದರೆ VM² = 144 + 25 = 169, VM = 13. ನಾಲ್ಕು ಪಾರ್ಶ್ವಮುಖಗಳ ವಿಸ್ತೀರ್ಣ 4 × ½ × 10 × 13 = 260 ಚ.ಸೆಂ.ಮೀ. 120° ಎಂದುಕೊಂಡರೆ VM ಸುಮಾರು 15.1 ಆಗಿ ವಿಸ್ತೀರ್ಣ 302 ದಾಟುತ್ತದೆ. ಪುಸ್ತಕದ ಹಿಂದಿನ ಉತ್ತರ 260 ಇದ್ದರೆ ಅನುಮಾನಕ್ಕೆ ಎಡೆಯಿಲ್ಲ.

A ಮತ್ತು B ಬಳಿಯ ಒಂದೊಂದು ಕಂಸ ∠VAB = ∠VBA ಎಂದು ಹೇಳುತ್ತದೆ. ಫೋಟೊ ಮಸುಕಾದಾಗ ಎರಡು ಕಂಸಗಳು ಸೇರಿ ಒಂದೇ ದಪ್ಪ ಕಂಸದಂತೆ ಕಾಣುವುದುಂಟು, ಹಿಗ್ಗಿಸಿ ನೋಡಿ. ಪಠ್ಯದಲ್ಲಿ △ ಗುರುತು A ಅಕ್ಷರದಂತೆ ಕಂಡು △VMA ಎಂಬುದನ್ನು AVMA ಎಂದು ಓದುವ ತಪ್ಪನ್ನು ಮಕ್ಕಳು ಮಾಡುತ್ತಾರೆ. △VMA ≅ △VMB ಎಂದಿರುವಲ್ಲಿ ಅಕ್ಷರಗಳ ಕ್ರಮವೇ ಮುಖ್ಯ: V ಗೆ V, M ಗೆ M, A ಗೆ B ಜೋಡಿ. ∠VMA ಎಂದರೆ ನಡುವಿನ ಅಕ್ಷರವಾದ M ನಲ್ಲಿರುವ ಕೋನ, ಅದೂ 90°.