ಮಗಳ ತೋಳಿನ ಗಾಯ ಕಂಡಾಗ

"ಪಿಯುಸಿ ಓದುವ ಮಗಳು ತನ್ನ ತೋಳಿಗೆ ತಾನೇ ಗಾಯ ಮಾಡಿಕೊಂಡಿದ್ದಾಳೆ. ಸಾಯಲು ಅಲ್ಲ ಅನ್ನುತ್ತಾಳೆ. ಮತ್ಯಾಕೆ? ಏನು ಮಾಡಲಿ?"

ಅಕ್ಕಾ, ಅವಳ ಮಾತು ನಿಜವಿರಬಹುದು. ಮೈಗೆ ನೋವಾದಾಗ ತಡೆಯಲಾಗದ ಸಂಕಟ ಸ್ವಲ್ಪ ಹೊತ್ತು ಇಳಿಯುತ್ತದೆ. ಆ ನಿರಾಳವೇ ಮತ್ತೆ ಅತ್ತ ಎಳೆಯುತ್ತದೆ, ಹಿಂದೆಯೇ ನಾಚಿಕೆಯೂ ಬರುತ್ತದೆ. ಗಮನ ಸೆಳೆಯಲು ಅನ್ನಬೇಡಿ. ಉಡುಪಿಯ ಮೇ ಸೆಕೆಯಲ್ಲೂ ತುಂಬುತೋಳು ಹಾಕುವವರು ಮುಚ್ಚಿಡುತ್ತಿದ್ದಾರೆ, ಅಲ್ವಾ?

ಮೊದಲು ಗಾಯ ತೊಳೆದು ಪಟ್ಟಿ ಹಾಕಿ. ಆಣೆ ಹಾಕಿಸಬೇಡಿ, ತಪ್ಪಿದರೆ ಮುಂದಿನದನ್ನು ಬಚ್ಚಿಡುತ್ತಾಳೆ. "ಅದಕ್ಕೆ ಮುಂಚೆ ಏನಾಗಿತ್ತು ಮಗಾ?" ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಮಾರ್ಕ್ಸ್ ವಿಷಯ ಆ ದಿನ ಬೇಡ.

ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇವತ್ತು ಇಲ್ಲ ಅಂದರೂ ಮುಂದೆ ಅಪಾಯ ಜಾಸ್ತಿ, ಹಾಗಾಗಿ ಮನೋವೈದ್ಯರಿಗೆ ತೋರಿಸಿ. ಹೌದು ಅಂದರೆ ಒಂಟಿಯಾಗಿ ಬಿಡದೆ ಈಗಲೇ ಆಸ್ಪತ್ರೆಗೆ ಹೋಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ರಾತ್ರಿಯೂ ಸಿಗುತ್ತಾರೆ.