ಹುಟ್ಟುಹಬ್ಬದ ಕಾರ್ಡಿಗೆ ಎಂಟು ಅಕ್ಷರ

“ಅಕ್ಕಾ, ತೈವಾನಿನ ಶಿಂಚುವಿಗೆ ಬಂದು ಎಂಟು ತಿಂಗಳಾಯ್ತು. ಇಲ್ಲಿಯ ಹುಡುಗಿಯೊಬ್ಬಳ ಜೊತೆ ಓಡಾಡ್ತಾ ಇದ್ದೀನಿ. ಮುಂದಿನ ವಾರ ಅವಳ ಹುಟ್ಟುಹಬ್ಬ. ಗಿಫ್ಟ್ ಮೇಲೆ ಒಂದು ಚಿಕ್ಕ ಕಾರ್ಡ್ ಇಟ್ಟು ಮ್ಯಾಂಡರಿನ್‌ನಲ್ಲೇ ಬರೀಬೇಕು ಅಂತ ಆಸೆ. ನೆಟ್‌ನಲ್ಲಿ ಹುಡುಕಿ ‘生日快乐,我爱您,没有您我活不下去’ ಅಂತ ಜೋಡಿಸಿದ್ದೀನಿ. ‘ನೀನಿಲ್ಲದೆ ನಾನಿಲ್ಲ’ ಅಂತ ಅರ್ಥ ಬರುತ್ತಂತೆ. ಸರಿ ಇದೆಯಾ?”

ಆ ಕೊನೆಯ ತುಂಡನ್ನು ಮೊದಲು ಹೊಡೆದು ಹಾಕಪ್ಪ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅದರ ಅರ್ಥ ‘ನೀವಿಲ್ಲದೆ ನಾನು ಬದುಕಿ ಉಳಿಯಲಾರೆ’ ಅಂತ. ಬಿಟ್ಟು ಹೊರಟವಳನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವಾಗ ಧಾರಾವಾಹಿಯವರು ಆಡುವ ಮಾತು ಅದು. ಕೇಕ್ ಪಕ್ಕದಲ್ಲಿ ಓದಿದರೆ ಅವಳಿಗೆ ಖುಷಿಗಿಂತ ಗಾಬರಿಯೇ ಜಾಸ್ತಿ ಆಗುತ್ತದೆ. ‘ನೀವು’ ಅಂತ ಯಾಕೆ ಬರೆದೆ ಅಂದರೆ, 您 ಅನ್ನುವುದು ಗೌರವದ ರೂಪ. ಅತ್ತೆ ಮಾವನ ಎದುರು ಕೂತಾಗ ಬೇಕಾಗುತ್ತದೆ. ಹುಡುಗಿಗೆ ಬರೆದರೆ ಬ್ಯಾಂಕಿನಿಂದ ಬಂದ ಪತ್ರದ ಹಾಗಿರುತ್ತದೆ, ಅಲ್ವಾ?

ಇನ್ನೊಂದು ಎಡವಟ್ಟು ಕಣ್ಣಿಗೆ ಬೀಳುವುದಿಲ್ಲ. ನೀನು ಜೋಡಿಸಿದ್ದು ಚೀನಾದ ಸರಳ ಲಿಪಿಯಲ್ಲಿದೆ. ತೈವಾನಿನಲ್ಲಿ ಹಳೆಯ ಪೂರ್ಣ ಲಿಪಿಯೇ ನಡೆಯುವುದು. ಅದೇ ಮಾತು, ಅದೇ ಉಚ್ಚಾರ, ಅಕ್ಷರ ಮಾತ್ರ ಬೇರೆ. ಅಲ್ಲಿಯ 快乐 ಇಲ್ಲಿ 快樂. ಅಲ್ಲಿಯ 爱 ಇಲ್ಲಿ 愛. ಅವಳು ಓದಿಕೊಳ್ಳುತ್ತಾಳೆ, ತೊಂದರೆಯಿಲ್ಲ. ಆದರೆ ಎಲ್ಲಿಂದಲೋ ಎತ್ತಿದ್ದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಫೋನಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ 繁體 ಅಂತ ಇರುವುದನ್ನು ಸೇರಿಸಿಕೋ, ಆಮೇಲೆ ಈ ತಲೆನೋವು ಇರುವುದಿಲ್ಲ.

ಸರಿ, ಏನು ಬರೆಯಬೇಕು? ಇಷ್ಟೇ:

生日快樂,有妳真好。

ಮೊದಲ ನಾಲ್ಕು ಅಕ್ಷರ ‘ಹುಟ್ಟುಹಬ್ಬದ ಶುಭಾಶಯ’. ಅದನ್ನು ಎಲ್ಲರೂ ಎಲ್ಲರಿಗೂ ಬರೆಯುತ್ತಾರೆ, ಆಫೀಸಿನ ಕೇಕ್ ಮೇಲೂ ಅದೇ ಇರುತ್ತದೆ. ನಿನ್ನ ಮಾತು ಇರುವುದು ಎರಡನೆಯ ನಾಲ್ಕರಲ್ಲಿ. ಪದಕ್ಕೆ ಪದ ಇಟ್ಟರೆ ‘ಇರುವುದು, ನೀನು, ನಿಜವಾಗಿ, ಒಳ್ಳೆಯದು’. ನಮ್ಮಲ್ಲಿ ‘ನೀನಿದ್ದೀಯಲ್ಲ, ಅಷ್ಟು ಸಾಕು’ ಅನ್ನುತ್ತೇವಲ್ಲ, ಆ ಧಾಟಿ. ನಾಲ್ಕು ನಾಲ್ಕು ಅಕ್ಷರ ಜೊತೆಯಾಗಿ ಬಂದರೆ ಚೀನೀ ಕಿವಿಗೆ ಹಿತ. ಅವರ ಗಾದೆ, ಹಾರೈಕೆಗಳಲ್ಲಿ ಬಹಳಷ್ಟು ಅದೇ ಲೆಕ್ಕದಲ್ಲಿವೆ. ಹಾಗಾಗಿ ಐದನೆಯ ಅಕ್ಷರ ಸೇರಿಸುವ ಆಸೆ ಬಂದರೆ ತಡೆದುಕೋ.

ಇದರಲ್ಲಿ ನನಗೆ ಬಹಳ ಇಷ್ಟದ್ದು ಆ 妳. ‘ನೀನು’ ಅನ್ನುವುದಕ್ಕೆ ಮಾಮೂಲಿ ಅಕ್ಷರ 你, ಎಡಗಡೆ ‘ಮನುಷ್ಯ’ನ ಗುರುತು. ತೈವಾನಿನಲ್ಲಿ ಹೆಂಗಸರಿಗೆ ಬರೆಯುವಾಗ ಎಡಗಡೆ 女, ಅಂದರೆ ‘ಹೆಣ್ಣು’ ಇಟ್ಟು 妳 ಅಂತ ಬರೆಯುವ ರೂಢಿ ಇದೆ. ಉಚ್ಚಾರ ಎರಡಕ್ಕೂ ‘ನೀ’ಯೇ. ಕಿವಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಗುತ್ತದೆ. ಚೀನಾದ ಸರಳ ಲಿಪಿಯಲ್ಲಿ ಇದನ್ನು ಬಳಸುವುದಿಲ್ಲ, ಆದ್ದರಿಂದ ನೆಟ್‌ನಲ್ಲಿ ಸಿಗುವ ಸಾಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನೀನು ಅದನ್ನೇ ಬರೆದರೆ, ಹುಡುಗ ಸುಮ್ನೆ ನಕಲು ಹೊಡೆದಿಲ್ಲ ಅಂತ ಅವಳಿಗೆ ಅರ್ಥವಾಗುತ್ತದೆ.

我愛妳 ಬೇಡವೇ ಅಂತ ಕೇಳುತ್ತೀಯ. ಬರೆಯಬಾರದು ಅಂತೇನಿಲ್ಲ. ಆದರೆ ಇಲ್ಲಿಯವರಿಗೂ ನಮ್ಮ ಮನೆಗಳ ಹಾಗೆಯೇ ಅದನ್ನು ನೇರವಾಗಿ ಅನ್ನಲು ಸ್ವಲ್ಪ ಸಂಕೋಚ. ಅದಕ್ಕೊಂದು ಒಳ್ಳೆಯ ಜಾಗ ಇದೆ: ಕೆಳಗೆ ಬಲಗಡೆ, ಸಹಿಯ ಮುಂದೆ 愛妳的 ಅಂತ ಬರೆಯುವುದು. ‘ನಿನ್ನನ್ನು ಪ್ರೀತಿಸುವ’ ಅಂತ ಅರ್ಥ, ಮುಂದೆ ಹೆಸರು. ಸಹಿಯ ಜೊತೆ ಬಂದಾಗ ಅದು ಭಾರ ಅನ್ನಿಸುವುದಿಲ್ಲ. ಹೆಸರನ್ನು ಕನ್ನಡದಲ್ಲೇ ಹಾಕು. ನಿನ್ನ ರೆಸಿಡೆಂಟ್ ಕಾರ್ಡಿನಲ್ಲಿರುವ ಚೀನೀ ಹೆಸರು ಆಫೀಸಿನವರಿಗೆ ಸಾಕು.

ಮೇಲೆ ಅವಳ ಹೆಸರು ಬರೆಯುವಾಗ ಮನೆತನದ ಹೆಸರು ಬಿಡು. ಇಲ್ಲಿ ಸಾಮಾನ್ಯವಾಗಿ ಮೂರು ಅಕ್ಷರದ ಹೆಸರು, ಮೊದಲನೆಯದು ಮನೆತನ. ಮೂರನ್ನೂ ಬರೆದರೆ ಮೇಷ್ಟ್ರು ಹಾಜರಿ ಕೂಗಿದ ಹಾಗೆ. ಕೊನೆಯ ಎರಡು, ಇಲ್ಲವೇ ನೀನು ಕರೆಯುವ ಮುದ್ದಿನ ಹೆಸರು ಸಾಕು.

ನಾನು ಮೊದಲ ವರ್ಷ ಮಾಡಿಕೊಂಡ ಎಡವಟ್ಟು ಹೇಳಿಬಿಡುತ್ತೇನೆ. ನಮ್ಮವರಿಗೆ ಆಗ ಮೂವತ್ತು. ಅಂಗಡಿಯಲ್ಲಿ ಚಿನ್ನದ ಅಕ್ಷರದ ಒಂದು ಚೆಂದದ ಸಾಲು ಕಂಡಿತು, 福如東海,壽比南山. ನಾಲ್ಕು ನಾಲ್ಕು ಅಕ್ಷರ, ಹುಟ್ಟುಹಬ್ಬದ್ದೇ ಹಾರೈಕೆ. ಇನ್ನೇನು ಬೇಕು ಅಂತ ನೋಡಿ ನೋಡಿ ಬರೆದೆ. ಅವರು ಓದಿ, “ನನಗೆ ಎಂಬತ್ತಾಯ್ತಾ?” ಅಂದರು. ‘ಭಾಗ್ಯ ಪೂರ್ವ ಸಮುದ್ರದಷ್ಟಿರಲಿ, ಆಯಸ್ಸು ದಕ್ಷಿಣದ ಬೆಟ್ಟದಷ್ಟಿರಲಿ’ ಅಂತ ಅರ್ಥ, ಅಜ್ಜ ಅಜ್ಜಿಯರಿಗೆ ಮಾತ್ರ ಹೇಳುವುದು. ಇಂಥ ಹಾರೈಕೆಯ ಸಾಲಿನಲ್ಲಿ 壽 ಅನ್ನುವ ಅಕ್ಷರ ಕಂಡರೆ ಸಾಮಾನ್ಯವಾಗಿ ಅದು ಹಿರಿಯರ ಕಾರ್ಡ್ ಅಂತ ತಿಳಿದುಕೋ. ಅದೇ ಕಾರ್ಡಿನ ಮೂಲೆಯಲ್ಲಿ ನಮ್ಮ ಪದ್ಧತಿಯಂತೆ 3/6 ಅಂತ ತಾರೀಕು ಹಾಕಿದ್ದೆ. ಇಲ್ಲಿ ತಿಂಗಳು ಮೊದಲು. ಜೂನ್ 3 ಹೋಗಿ ಮಾರ್ಚ್ 6 ಆಯಿತು. “ಅವತ್ತು ಯಾರ ಹುಟ್ಟುಹಬ್ಬ?” ಅಂತ ಅತ್ತೆ ನಗುನಗುತ್ತಲೇ ಕೇಳಿದರು. ನೀನು ತಾರೀಕು ಹಾಕುವುದಾದರೆ 6月3日 ಅಂತ ಅಕ್ಷರ ಸೇರಿಸಿ ಬರೆ, ಗೊಂದಲವೇ ಇಲ್ಲ. ಮೊದಲು ತಿಂಗಳು 月, ಆಮೇಲೆ ದಿನ 日.

ಕೆಂಪು ಪೆನ್ ಮುಟ್ಟಬೇಡ. ಕೆಂಪಿನಲ್ಲಿ ಹೆಸರು ಬರೆಯುವುದು ಇಲ್ಲಿ ಅಪಶಕುನ. ಬಿಳಿ ಕವರ್ ಕೂಡ ಬೇಡ, ಸಾವಿನ ಮನೆಗೆ ದುಡ್ಡು ಕೊಡುವುದು ಅದರಲ್ಲಿ. ಗಿಫ್ಟ್ ಏನು ಅಂತ ನೀನು ಹೇಳಲಿಲ್ಲ. ಗೋಡೆ ಗಡಿಯಾರ ಆಗಿದ್ದರೆ ವಾಪಸ್ ಮಾಡಿ ಬಾ. ‘ಗಡಿಯಾರ ಕೊಡುವುದು’ ಮತ್ತು ‘ಅಂತ್ಯಕಾಲಕ್ಕೆ ನೋಡಿಕೊಳ್ಳುವುದು’ ಎರಡೂ ಕಿವಿಗೆ ಒಂದೇ ಥರ.

ಬರೆಯುವಾಗ ಕಷ್ಟ ಕೊಡುವುದು 樂 ಒಂದೇ, ಹದಿನೈದು ಗೆರೆ. ಫೋನಿನ ಚಿಕ್ಕ ಅಕ್ಷರ ನೋಡಿ ಬರೆದರೆ ನಡುವೆ ಕಪ್ಪು ಉಂಡೆಯಾಗುತ್ತದೆ. ದೊಡ್ಡದು ಮಾಡಿ ನೋಡು: ಮೇಲೆ ನಡುವೆ 白, ಅದರ ಎರಡು ಬದಿಗೂ ಸಣ್ಣ 幺, ಅಡಿಯಲ್ಲಿ ಇವನ್ನೆಲ್ಲ ಹೊತ್ತ 木. ಚೌಕಳಿ ಹಾಳೆಯಲ್ಲಿ ಹತ್ತಿಪ್ಪತ್ತು ಸಲ ತಿದ್ದು. ನಾಲ್ಕು ಗೆರೆಯ 日 ಕೂಡ ಹದಿನೈದು ಗೆರೆಯ 樂ನಷ್ಟೇ ಜಾಗದ ಚೌಕದಲ್ಲಿ ಕೂರಬೇಕು. ನಾವು ಮಾಡುವ ತಪ್ಪು ಅದೇ, ಸುಲಭದ್ದನ್ನು ಚಿಕ್ಕದು ಮಾಡಿ ಕಷ್ಟದ್ದನ್ನು ದೊಡ್ಡದು ಮಾಡುತ್ತೇವೆ. ಕಾರ್ಡಿನ ಮೇಲೆ ಮೊದಲು ಪೆನ್ಸಿಲ್‌ನಲ್ಲಿ ತೆಳುವಾಗಿ ಎಂಟು ಚೌಕ ಹಾಕಿಕೋ. ಕೊನೆಗೆ ಪೂರ್ಣವಿರಾಮದ ಸಣ್ಣ ಸೊನ್ನೆ ಮರೆಯಬೇಡ, ಅವರಲ್ಲಿ ಅದು ಚುಕ್ಕಿಯಲ್ಲ.

ಅವಳು ಖಂಡಿತ “ಓದಿ ಹೇಳು” ಅನ್ನುತ್ತಾಳೆ. ‘ಶಂಗ್ ರ್ ಖ್ವಾಯ್ ಲ, ಯೋ ನೀ ಚನ್ ಹಾವ್’. ಖ್ವಾಯ್ ಅನ್ನುವಾಗ ನಮ್ಮ ಖ ಸರಿಯಾಗಿ ಬರಲಿ, ‘ಕ್ವಾಯ್’ ಅಲ್ಲ. ಕನ್ನಡ ಶಾಲೆಯಲ್ಲಿ ಮಹಾಪ್ರಾಣ ತಿದ್ದಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೆಯ ಭಾಗ ಕೇಳಿದರೆ ನಮ್ಮೂರಿನವರಿಗೆ ‘ಯೋ, ನೀ ಚೆನ್ನಾದ ಹಾವು’ ಅಂದ ಹಾಗೇ ಕೇಳುತ್ತದೆ. ನಾನು ಮೊದಲ ಸಲ ನಕ್ಕುಬಿಟ್ಟಿದ್ದೆ, ಯಾಕೆ ಅಂತ ಅವರಿಗೆ ವಿವರಿಸುವಷ್ಟರಲ್ಲಿ ಕೇಕ್ ಮೇಲಿನ ಮೇಣದಬತ್ತಿ ಕರಗಿತ್ತು. ನೀನು ಕೊನೆಯ ‘ಹಾವ್’ ಅನ್ನು ತಗ್ಗಿದ ದನಿಯಲ್ಲಿ, ಸ್ವಲ್ಪ ಎಳೆದು ಹೇಳು.