ಕಿರುಬೆರಳಿನ ಜೋಮು, ಮೊಣಕೈಯ ನರ

ಪ್ರಶ್ನೆ: ಎರಡು ತಿಂಗಳಿಂದ ಎಡಗೈಯ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿವೆ. ಲೆಕ್ಕ ಬರೆಯುವ ಕೆಲಸ, ದಿನವಿಡೀ ಮೇಜಿಗೆ ಮೊಣಕೈ ಊರಿ ಕೂರುತ್ತಿದ್ದೆ. ಈಗ ಊರುವುದು ಬಿಟ್ಟಿದ್ದೇನೆ, ಆದರೂ ಬೆಳಗ್ಗೆ ಏಳುವಾಗ ಬೆರಳು ಸತ್ತಂತಿರುತ್ತದೆ. ಏನು ಮಾಡಲಿ?

ರಾತ್ರಿ ಮಲಗಿದಾಗ ನಿಮ್ಮ ಎಡಗೈ ಎಲ್ಲಿರುತ್ತದೆ ಅಂತ ಮನೆಯವರನ್ನು ಒಮ್ಮೆ ಕೇಳಿ. ಮಡಚಿ ಕೆನ್ನೆಯ ಕೆಳಗೋ ದಿಂಬಿನ ಅಡಿಗೋ ಸೇರಿಸಿಕೊಂಡಿರುತ್ತೀರಿ ಅಂತ ನನ್ನ ಊಹೆ. ಕುಮಟಾದಲ್ಲಿ ಫಿಸಿಯೋಥೆರಪಿ ಮಾಡುತ್ತ ಹದಿನಾಲ್ಕು ವರ್ಷವಾಯಿತು. ಈ ಎರಡು ಬೆರಳಿನ ದೂರು ಹೊತ್ತು ಬಂದವರಲ್ಲಿ ಹಗಲಿನ ತಪ್ಪು ತಿದ್ದಿಕೊಂಡು ರಾತ್ರಿಯದ್ದನ್ನು ಹಾಗೇ ಬಿಟ್ಟವರೇ ಹೆಚ್ಚು. ಶಿರಸಿಯ ನಮ್ಮ ಭಾವನೂ ಅವರಲ್ಲೊಬ್ಬ.

ಮೊದಲು ಆ ನರವನ್ನು ಮುಟ್ಟಿ ನೋಡಿ. ಮೊಣಕೈಯ ಒಳಬದಿಯಲ್ಲಿ, ಮೈಗೆ ತಾಗುವ ಕಡೆ, ಎಲುಬಿನ ಒಂದು ಗುಬುಟು ಕೈಗೆ ಸಿಗುತ್ತದೆ. ಆ ಗುಬುಟಿಗೂ ಮೊಣಕೈಯ ಚೂಪು ತುದಿಗೂ ನಡುವೆ ಒಂದು ಸಣ್ಣ ತಗ್ಗಿದೆ. ಬಾಗಿಲ ಚೌಕಟ್ಟಿಗೆ ಬಡಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದಂತಾಗುವುದು ಇಲ್ಲಿಯೇ. ಅಲ್ನಾರ್ ನರ ಈ ತಗ್ಗಿನಲ್ಲಿ ಹಾದುಹೋಗುತ್ತದೆ. ತೋಳಿನಲ್ಲಿ, ಮುಂಗೈಯಲ್ಲಿ ಮಾಂಸದ ಮರೆಯಲ್ಲಿರುವ ನರಕ್ಕೆ ಇಲ್ಲಿ ಮಾತ್ರ ಕೆಳಗೆ ಎಲುಬು, ಮೇಲೆ ಒಂದು ತೆಳು ಪಟ್ಟಿ ಮತ್ತು ಚರ್ಮ, ಅಷ್ಟೇ. ಮೇಜಿಗೆ ಮೊಣಕೈ ಊರಿದರೆ ಮರಕ್ಕೂ ಎಲುಬಿಗೂ ನಡುವೆ ಅದು ಸಿಕ್ಕಿಕೊಳ್ಳುತ್ತದೆ.

ಅದು ಒಂದು ತೊಂದರೆಯಾದರೆ, ಎರಡನೆಯದು ಮಡಚುವುದು. ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವಂತೆ ಈ ನರ ಕೀಲಿನ ಹಿಂದಿನಿಂದ ಸುತ್ತಿ ಬರುತ್ತದೆ. ಕೈ ಚಾಚಿದಾಗ ಹಗ್ಗ ಸಡಿಲ. ಮಡಚಿದಷ್ಟೂ ಎಳೆತ ಹೆಚ್ಚು, ಮೇಲಿನ ಪಟ್ಟಿಯೂ ಬಿಗಿದುಕೊಂಡು ದಾರಿ ಕಿರಿದಾಗುತ್ತದೆ. ಏನನ್ನೂ ಊರದೆ, ಬರೀ ಕೈ ಮಡಚಿಟ್ಟುಕೊಂಡರೂ ನರದ ಮೇಲೆ ಒತ್ತಡ ಬೀಳುತ್ತದೆ. ಪೂರಾ ಮಡಚಿದ ಕೈಯನ್ನು ನಿದ್ದೆಯಲ್ಲಿ ಗಂಟೆಗಟ್ಟಲೆ ಹಾಗೇ ಇಟ್ಟರೆ, ನರಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ಹಿಸುಕಿಹೋಗುತ್ತವೆ. ಬೆಳಗಿನ ಜೋಮು ಅದರದ್ದೇ.

ಆದರೆ ತೊಂದರೆ ಮೊಣಕೈಯಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಒಂದು ಹತ್ತಿಯ ಎಳೆ ತಗೊಂಡು ಕಣ್ಣು ಮುಚ್ಚಿ ಉಂಗುರ ಬೆರಳನ್ನು ಸವರಿ. ಕಿರುಬೆರಳಿನ ಕಡೆಯ ಅರ್ಧ ಮಂದವಾಗಿದ್ದು, ನಡುಬೆರಳಿನ ಕಡೆಯ ಅರ್ಧ ಸರಿಯಿದ್ದರೆ ಅದು ಈ ನರದ್ದೇ ಗುರುತು. ಒಂದೇ ಬೆರಳಿಗೆ ಎರಡು ನರ ಪಾಲುದಾರರು. ಆಮೇಲೆ ಅಂಗೈಯ ಹಿಂಬದಿ, ಕಿರುಬೆರಳಿನ ಬುಡದ ಕಡೆ ಸವರಿ. ಅಲ್ಲಿಗೆ ಹೋಗುವ ಕವಲು ಮಣಿಕಟ್ಟಿಗಿಂತ ಸ್ವಲ್ಪ ಮೇಲೆಯೇ ಒಡೆದುಹೋಗಿರುತ್ತದೆ. ಹಾಗಾಗಿ ಹಿಂಬದಿಯೂ ಮಂದವಿದ್ದರೆ ಒತ್ತಡ ಮೊಣಕೈಯಲ್ಲಿ. ಬೆರಳು ಮಾತ್ರ ಮಂದ, ಹಿಂಬದಿ ಚುರುಕು ಅಂದರೆ ಮಣಿಕಟ್ಟಿನ ಮೇಲೆ ಅನುಮಾನ. ಇನ್ನು ಮುಂಗೈಯ ಒಳಬದಿ ಮೊಣಕೈ ತನಕ ಜೋಮಿದ್ದರೆ, ಕುತ್ತಿಗೆ ತಿರುಗಿಸಿದಾಗ ಕೈಗೆ ನೋವು ಇಳಿದರೆ, ಕುತ್ತಿಗೆಯನ್ನು ತೋರಿಸಬೇಕು. ಎಡಗೈ ಅಂದಕೂಡಲೇ ಹೃದಯ ಅಂತ ಹೆದರುವವರೂ ಇದ್ದಾರೆ. ಎದೆ ಹಿಡಿದಂತಾಗುವುದು, ಬೆವರು, ಏದುಸಿರು ಜೊತೆಗಿದ್ದರೆ ಈ ಉತ್ತರ ಓದುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಭಾವನ ಕತೆಗೆ ಬರುತ್ತೇನೆ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಾನೆ. ಸೀಸನ್ನಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಬಲಗೈಯಲ್ಲಿ ಪೆನ್ನು, ಎಡ ಮೊಣಕೈ ಮೇಜಿನ ಅಂಚಿನ ಮೇಲೆ, ಎಡಗಿವಿಗೆ ಫೋನು. "ಕಿರುಬೆರಳು ನಂದಲ್ದೋ ಹೇಳಿ ಅನಸ್ತು ಮಾರಾಯ" ಅಂತ ಫೋನ್ ಮಾಡುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ಬೆರಳಿಗೆ ಎಣ್ಣೆ ತಿಕ್ಕಿ ಮುಗಿದಿತ್ತು, ಅಂಗಡಿಯಿಂದ ಬಿ12 ಮಾತ್ರೆ ತಂದು ನುಂಗಿಯೂ ಆಗಿತ್ತು. ಬಿ12 ಕೊರತೆ ನಿಜವಾಗಿ ಇದ್ದವರಿಗೆ ಮಾತ್ರೆ ಬೇಕೇಬೇಕು, ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಆದರೆ ಕೊರತೆಯಿಂದ ಬರುವ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಶುರುವಾಗುತ್ತದೆ, ಒಂದೇ ಕೈಯ ಒಂದೂವರೆ ಬೆರಳನ್ನು ಆರಿಸಿಕೊಂಡು ಬರುವುದಿಲ್ಲ.

ಹಗಲಿಗೆ ಅವನು ತಾನೇ ಒಂದು ಉಪಾಯ ಮಾಡಿದ್ದ: ಮೊಣಕೈ ಅಡಿಗೆ ಸ್ಪಂಜಿನ ತುಂಡು. ಇದು ಅರ್ಧ ಸರಿ. ಮೆತ್ತಗಿದ್ದರೂ ಭಾರ ಬೀಳುವುದು ಆ ತಗ್ಗಿನ ಮೇಲೆಯೇ ತಾನೇ? ಅದನ್ನು ತೆಗೆಸಿ, ಮಡಿಸಿದ ಟವೆಲ್ಲನ್ನು ಮುಂಗೈಯ ದಪ್ಪ ಮಾಂಸದ ಕೆಳಗೆ ಬರುವಂತೆ ಇಡಿಸಿದೆ. ಭಾರವನ್ನು ಮಾಂಸ ಹೊರುತ್ತದೆ, ಮೊಣಕೈಯ ತುದಿ ಮೇಜಿನ ಅಂಚಿನಿಂದ ಹೊರಗೆ ಗಾಳಿಯಲ್ಲಿರುತ್ತದೆ. ಕುರ್ಚಿಯನ್ನು ಒಂದು ಗೇಣು ಎತ್ತರಿಸಿದ ಮೇಲೆ ಕೈ ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚುವ ಪ್ರಸಂಗ ಬರಲಿಲ್ಲ. ಫೋನಿಗೆ ಇಯರ್‌ಫೋನ್. ನಮ್ಮ ದೇವಿಮನೆ ಘಾಟಿಯಲ್ಲಿ ದಿನಾ ಓಡಾಡುವ ಟೆಂಪೋದವರಿಗೂ ನಾನು ಇದನ್ನೇ ಹೇಳುವುದು, ಅವರದ್ದು ಕಿಟಕಿಯ ಮೇಲಿಟ್ಟ ಬಲ ಮೊಣಕೈ.

ಹದಿನೈದು ದಿನ ಕಳೆದರೂ ಬೆಳಗಿನ ಜೋಮು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಗ ಅಕ್ಕನನ್ನು ಕೇಳಿದೆ. "ಕೈ ಮಡಚಿ ಕೆನ್ನೆಯಡಿಗೆ ಇಟ್ಟುಕೊಂಡೇ ಗೊರಕೆ ಹೊಡೆಯುವುದು, ಮದುವೆಯಾದಾಗಿಂದ ಹೀಗೇ" ಅಂದಳು.

ನಿದ್ದೆಯಲ್ಲಿ ಕೈ ಚಾಚಿರು ಅಂತ ಯಾರಿಗೂ ಉಪದೇಶ ಮಾಡಲಾಗದು, ಮಡಚಲು ಬಾರದಂತೆ ಮಾಡಬೇಕು. ಹಳೆಯ ಹತ್ತಿ ಪಂಚೆಯನ್ನು ಉದ್ದಕ್ಕೆ ಮಡಿಸಿ, ಕೈಯನ್ನು ಸ್ವಲ್ಪವೇ ಬಾಗಿಸಿಟ್ಟು (ಪೂರಾ ನೆಟ್ಟಗೆ ಬೇಡ, ಮೂವತ್ತು ನಲವತ್ತು ಡಿಗ್ರಿ ಬಾಗಿದರೆ ನರಕ್ಕೆ ಹಾಯಿ), ಮೊಣಕೈಯ ಮುಂಭಾಗದಲ್ಲಿ, ಅಂದರೆ ರಕ್ತ ತೆಗೆಯುವ ಜಾಗದಲ್ಲಿ, ದಪ್ಪ ಬರುವಂತೆ ಸುತ್ತಬೇಕು. ಹಿಂದೆ ಒಂದೇ ಪದರ ಇರಲಿ. ಮೇಲಿಂದ ಬಟ್ಟೆಯ ಪಟ್ಟಿ ಸಡಿಲವಾಗಿ ಕಟ್ಟಿ, ಎರಡು ಬೆರಳು ಒಳಗೆ ತೂರುವಷ್ಟು. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ಎಲ್ಬೋ ಪ್ಯಾಡನ್ನು ತಿರುಗಿಸಿ, ಮೆತ್ತೆ ಮುಂದೆ ಬರುವಂತೆ ಹಾಕಿಕೊಂಡರೂ ಆಗುತ್ತದೆ. ಭಾವ ಅಡಿಕೆ ಹಾಳೆ ನೆನೆಸಿ ಕಟ್ಟಿಕೊಳ್ಳಲೇ ಅಂತ ಕೇಳಿದ. ಬೇಡ ಅಂದೆ. ಒಣಗಿದ ಹಾಳೆಯ ಅಂಚು ಸರಿಯಾಗಿ ಆ ತಗ್ಗಿಗೇ ಕುಟುಕಿದರೆ ಮುಗಿಯಿತು.

ಮೊದಲ ನಾಲ್ಕೈದು ರಾತ್ರಿ ಪಂಚೆ ಎಲ್ಲಿ ಹೋಯಿತು ಅಂತ ಬೆಳಗ್ಗೆ ಹುಡುಕುವ ಸ್ಥಿತಿ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಂತೂ ನನ್ನ ರೋಗಿಗಳು ಅರ್ಧರಾತ್ರಿಗೆ ಕಿತ್ತೆಸೆಯುತ್ತಾರೆ. ಪರವಾಗಿಲ್ಲ, ನಾಲ್ಕು ತಾಸು ಇದ್ದರೂ ನಾಲ್ಕು ತಾಸು ಒತ್ತಡ ಇಳಿದ ಲೆಕ್ಕ. ಭಾವನಿಗೆ ಮೂರನೇ ವಾರಕ್ಕೆ ಬೆಳಗಿನ ಜೋಮು ಏಳುವಾಗ ಐದು ನಿಮಿಷಕ್ಕೆ ಇಳಿಯಿತು, ಎರಡು ತಿಂಗಳಿಗೆ ಎಂದೋ ಒಮ್ಮೆ ಅನ್ನುವಂತಾಯಿತು. ಆರು ವಾರ ಬಿಡದೆ ಮಾಡಿದ ಮೇಲೆ ನಿಮ್ಮದು ಎಷ್ಟಕ್ಕೆ ಬಂತು ಅಂತ ನೋಡಿ. ಸುಧಾರಿಸುತ್ತಿದ್ದರೆ ಮೂರು ತಿಂಗಳ ತನಕ ಮುಂದುವರಿಸಿ.

ಈ ನಡುವೆ ಆ ತಗ್ಗನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿಯೂ ಬೇಡ. ವಿಡಿಯೋ ನೋಡಿ ನರ ಎಳೆಯುವ ವ್ಯಾಯಾಮವನ್ನು ಜೋರಾಗಿ ಮಾಡಿ ಹೆಚ್ಚು ಮಾಡಿಕೊಂಡವರನ್ನು ಕಂಡಿದ್ದೇನೆ. ಆ ವ್ಯಾಯಾಮದ ಉದ್ದೇಶ ನರವನ್ನು ಅದರ ದಾರಿಯಲ್ಲಿ ಮೆಲ್ಲಗೆ ಜಾರಿಸುವುದು. ಜುಮುಜುಮು ಶುರುವಾಯಿತು ಅಂದರೆ ಅತಿಯಾಯಿತು ಅಂತಲೇ ಅರ್ಥ. ಕಲಿಸಿದವರ ಎದುರು ಒಮ್ಮೆ ಮಾಡಿ ತೋರಿಸಿ ಆಮೇಲೆ ಮನೆಯಲ್ಲಿ ಮಾಡಿ.

ನಾನು ನಿಜವಾಗಿ ಹೆದರುವುದು ಜೋಮಿಗಲ್ಲ, ಬಲ ಕುಂದುವುದಕ್ಕೆ. ಇದಕ್ಕೆ ಒಂದು ಹಾಳೆ ಕಾಗದ ಸಾಕು. ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಕಾಗದವನ್ನು ಬೀಗದ ಕೈ ಹಿಡಿದಂತೆ ಹಿಡಿದು ಹೊರಗೆ ಎಳೆಯಿರಿ. ಸರಿಯಿರುವ ಕೈಯ ಹೆಬ್ಬೆರಳು ನೆಟ್ಟಗೇ ಇರುತ್ತದೆ. ಬಲ ಕುಂದಿದ ಕೈಯ ಹೆಬ್ಬೆರಳ ತುದಿಯ ಗೆಣ್ಣು ಪಟ್ಟನೆ ಮಡಚಿಕೊಳ್ಳುತ್ತದೆ. ಜೇಬಿಗೆ ಕೈ ಹಾಕುವಾಗ ಕಿರುಬೆರಳು ಹೊರಗೇ ಸಿಕ್ಕಿಕೊಳ್ಳುವುದು, ಹೆಬ್ಬೆರಳು ತೋರುಬೆರಳ ನಡುವಿನ ಉಬ್ಬು ಕುಳಿ ಬೀಳುವುದು ಇದೇ ಸಾಲಿನವು. ಜೋಮು ಬಂದುಹೋಗುವ ಬದಲು ಹಗಲು ರಾತ್ರಿ ಬಿಡದೆ ನಿಂತುಬಿಟ್ಟರೂ ಕಾಯಬಾರದು. ಸಕ್ಕರೆ ಕಾಯಿಲೆ ಇದ್ದರೆ ನರ ಮೊದಲೇ ಸೊರಗಿರುತ್ತದೆ, ಇನ್ನೂ ಬೇಗ ತೋರಿಸಿ.

ಇನ್ನೊಂದನ್ನು ಜನ ಹೇಳಲು ಮುಜುಗರ ಪಡುತ್ತಾರೆ, ನಾನು ಹೇಳಿಬಿಡುತ್ತೇನೆ. ಎರಡೂ ಮೊಣಕೈಯ ತಗ್ಗನ್ನು ಮೆಲ್ಲಗೆ ಸವರಿ ಹೋಲಿಸಿ. ಒಂದು ಕಡೆ ನರ ದಪ್ಪ ದಾರದಂತೆ ಉಬ್ಬಿದ್ದರೆ, ಅಥವಾ ಮೈಮೇಲೆ ಎಲ್ಲಾದರೂ ಮುಟ್ಟಿದ್ದು ಗೊತ್ತಾಗದ ಬಿಳಿಚು ಇಲ್ಲವೇ ಕೆಂಪು ಮಚ್ಚೆ ಇದ್ದರೆ, ಕುಷ್ಠರೋಗದ ಪರೀಕ್ಷೆ ಮಾಡಿಸಿ. ಅದು ಹೆಚ್ಚಾಗಿ ಹಿಡಿಯುವ ನರಗಳಲ್ಲಿ ಇದೂ ಒಂದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ, ರೋಗ ಪೂರಾ ವಾಸಿಯಾಗುತ್ತದೆ. ತಡಮಾಡಿದರೆ ಬೆರಳು ಸೊಟ್ಟಗಾದದ್ದು ಮಾತ್ರ ಹಾಗೇ ಉಳಿಯುತ್ತದೆ.

ವೈದ್ಯರು ನರ್ವ್ ಕಂಡಕ್ಷನ್ ಪರೀಕ್ಷೆ ಬರೆದುಕೊಡಬಹುದು. ನಮ್ಮ ಜಿಲ್ಲೆಯವರು ಇಂಥದ್ದಕ್ಕೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಬಸ್ಸು ಹತ್ತುವುದು ಹೊಸತೇನಲ್ಲ. ಸಣ್ಣ ಕರೆಂಟು ಕೊಟ್ಟು, ಸಂದೇಶ ಮೊಣಕೈ ದಾಟುವಾಗ ಎಷ್ಟು ನಿಧಾನವಾಗುತ್ತದೆ ಅಂತ ಅಳೆಯುತ್ತಾರೆ. ಅಲ್ಲಿ ಸೆಕೆಂಡಿಗೆ 50 ಮೀಟರಿಗಿಂತ ಕಡಿಮೆ ಬಂದರೆ ಅಡಚಣೆ ಇದೆ ಅಂತ ಲೆಕ್ಕ. ಆರಂಭದ ಹಂತದಲ್ಲಿ ಜೋಮಿದ್ದರೂ ವರದಿ ಸರಿಯಾಗಿಯೇ ಬರಬಹುದು, ಅದಕ್ಕೆ ಗಾಬರಿಯಾಗಬೇಡಿ. ಅಡಚಣೆ ಜೋರಿದ್ದರೆ ಮೇಲಿನ ಪಟ್ಟಿಯನ್ನು ಕತ್ತರಿಸಿ ದಾರಿ ಬಿಡಿಸುತ್ತಾರೆ. ಮಡಚಿದಾಗ ನರ ತಗ್ಗಿನಿಂದ ಜಾರಿ ಗುಬುಟು ಏರುತ್ತಿದ್ದರೆ ಅದನ್ನು ಎಲುಬಿನ ಮುಂದಕ್ಕೆ ತಂದು ಕೂರಿಸುವುದೂ ಉಂಟು. ಎಳೆ ಒಣಗಿದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಅಂಗೈಯ ಸ್ನಾಯುವಿಗೆ ಸುಮಾರು 30 ಸೆಂಟಿಮೀಟರ್ ದೂರ, ಅಂದರೆ ಹತ್ತು ತಿಂಗಳು. ಅಷ್ಟರೊಳಗೆ ಸ್ನಾಯು ಸೊರಗಿ ಹೋಗಿದ್ದರೆ ನರ ತಲುಪಿಯೂ ಪ್ರಯೋಜನವಿಲ್ಲ. ಹಾಗಾಗಿ ಕಾಗದ ಹಿಡಿದಾಗ ನಿಮ್ಮ ಎಡ ಹೆಬ್ಬೆರಳು ಮಡಚಿಕೊಂಡರೆ ಪಂಚೆ ಸುತ್ತಿ ಆರು ವಾರ ಕಾಯುವುದು ಬೇಡ, ಈ ವಾರವೇ ಎಲುಬು ಅಥವಾ ನರದ ವೈದ್ಯರಿಗೆ ತೋರಿಸಿ.